ಕ್ಯಾಂಪಿನಲ್ಲಿ ರಕ್ತ ಕೊಡಲೋ, ಮಷೀನಿನಲ್ಲಿ ಪ್ಲೇಟ್‌ಲೆಟ್ ಕೊಡಲೋ?

ಕಳೆದ ವರ್ಷ ಆಗಸ್ಟ್ ಮೊದಲ ವಾರ. ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ: "ಅಣ್ಣಾ, 15ಕ್ಕೆ ನಮ್ಮ ಬಡಾವಣೆಯಲ್ಲಿ ರಕ್ತದಾನದ ಕ್ಯಾಂಪ್ ಇದೆ. ನಾನೂ ನನ್ನ ಹೆಂಡತಿಯೂ ಕೊಡೋಣ ಅಂತಿದ್ದೀವಿ. ಆದ್ರೆ ಆಫೀಸಲ್ಲಿ ಒಬ್ರು, ರಕ್ತ ಎಲ್ಲರೂ ಕೊಡ್ತಾರೆ, ನೀನು ಎಸ್‌ಡಿಪಿ ಕೊಡು ಅಂದ್ರು. ಯಾವುದು ಒಳ್ಳೇದು?"

ಎಸ್‌ಡಿಪಿ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಮಷೀನಿನ ಮೂಲಕ ಬೇರ್ಪಡಿಸಿ ಕೊಡುವುದು. ಇದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ನಾನು ಎರಡನ್ನೂ ಹಲವು ಸಲ ಕೊಟ್ಟಿದ್ದೇನೆ. ಊರಿನ ಕ್ಯಾಂಪುಗಳಲ್ಲಿ ಓಡಾಡಿದ್ದೇನೆ. ನನ್ನ ಪ್ರಕಾರ 'ಯಾವುದು ಒಳ್ಳೇದು' ಅಂತ ಕೇಳುವ ಬದಲು ನಾಲ್ಕು ವಿಷಯ ನೋಡಬೇಕು. ಕೊಟ್ಟದ್ದು ಎಷ್ಟು ದಿನ ಉಳಿಯುತ್ತದೆ? ರೋಗಿಗೆ ಅದರಿಂದ ಏನು ಸಿಗುತ್ತದೆ? ಅವರ ಮನೆಯವರಿಗೆ ಎಷ್ಟು ಖರ್ಚು? ನಿಮ್ಮ ದೇಹಕ್ಕೂ ನಿಮ್ಮ ಸಮಯಕ್ಕೂ ಯಾವುದು ಹೊಂದುತ್ತದೆ? ಇವುಗಳಲ್ಲಿ ಮೊದಲನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ಉತ್ತರದ ಬಹುಪಾಲು ಅದರಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ಯಾಂಪಿನಲ್ಲಿ ನಿಮ್ಮ ತೋಳಿನಿಂದ 350 ಅಥವಾ 450 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಅದು ಹೋಗಿ ಬೀಳುವ ಬ್ಯಾಗ್ ಒಂದೇ ಅಲ್ಲ. ಗಮನಿಸಿ ನೋಡಿ, ಅದಕ್ಕೆ ಸಣ್ಣ ಟ್ಯೂಬುಗಳಲ್ಲಿ ಇನ್ನೆರಡು ಮೂರು ಖಾಲಿ ಬ್ಯಾಗುಗಳು ಅಂಟಿಕೊಂಡಿರುತ್ತವೆ. ಮೊದಲ ಬ್ಯಾಗಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ. ಬ್ಲಡ್ ಬ್ಯಾಂಕಿಗೆ ಹೋದ ಮೇಲೆ ಇದನ್ನು ದೊಡ್ಡ ಸೆಂಟ್ರಿಫ್ಯೂಜಿನಲ್ಲಿಟ್ಟು ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ಬರುವ ಹಾಗೆ, ಇಲ್ಲಿಯೂ ಭಾರ ಇದ್ದದ್ದು ಕೆಳಗೆ, ಹಗುರ ಇದ್ದದ್ದು ಮೇಲೆ.

ಮೊದಲ ಸಲ ಮೆಲ್ಲಗೆ ತಿರುಗಿಸುತ್ತಾರೆ. ಆಗ ಭಾರದ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ಹಗುರವಾದ ಪ್ಲೇಟ್‌ಲೆಟ್‌ಗಳು ಮೇಲಿನ ಹಳದಿ ಪ್ಲಾಸ್ಮಾದಲ್ಲೇ ತೇಲುತ್ತಿರುತ್ತವೆ. ಆ ಹಳದಿ ಭಾಗವನ್ನು ಪಕ್ಕದ ಬ್ಯಾಗಿಗೆ ಒತ್ತಿ ಕಳಿಸಿ, ಈ ಸಲ ಜೋರಾಗಿ ತಿರುಗಿಸುತ್ತಾರೆ. ಈಗ ಪ್ಲೇಟ್‌ಲೆಟ್‌ಗಳೂ ತಳ ಸೇರುತ್ತವೆ. ಮೇಲಿನ ಪ್ಲಾಸ್ಮಾವನ್ನು ಮೂರನೇ ಬ್ಯಾಗಿಗೆ ಕಳಿಸಿ, ಸ್ವಲ್ಪ ಮಾತ್ರ ಉಳಿಸಿಕೊಳ್ಳುತ್ತಾರೆ. ಆ 50–70 ಮಿಲಿಲೀಟರಿನಲ್ಲಿ ನಿಮ್ಮ ಪ್ಲೇಟ್‌ಲೆಟ್‌ಗಳಿರುತ್ತವೆ. ಇದಕ್ಕೇ ರ್‍ಯಾಂಡಮ್ ಡೋನರ್ ಪ್ಲೇಟ್‌ಲೆಟ್, ಚಿಕ್ಕದಾಗಿ ಆರ್‌ಡಿಪಿ ಅನ್ನುವುದು. ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಮೊದಲೇ ಜೋರಾಗಿ ತಿರುಗಿಸಿ, ಕೆಂಪು ಕಣಕ್ಕೂ ಪ್ಲಾಸ್ಮಾಕ್ಕೂ ನಡುವೆ ನಿಲ್ಲುವ ತೆಳ್ಳಗಿನ ಬಿಳಿ ಪದರದಿಂದ ಪ್ಲೇಟ್‌ಲೆಟ್ ತೆಗೆಯುತ್ತಾರೆ. ಯಾವ ದಾರಿ ಹಿಡಿದರೂ ಒಬ್ಬರ ರಕ್ತ ಮೂರು ಭಾಗವಾಗುತ್ತದೆ, ಮೂರು ರೋಗಿಗಳಿಗೆ ಹೋಗಬಹುದು.

ಆದರೆ ಆ ಮೂರು ಭಾಗಗಳ ಆಯಸ್ಸು ಒಂದೇ ಅಲ್ಲ. ಆಗಸ್ಟ್ 15ರಂದು ತೆಗೆದ ಒಂದು ಬ್ಯಾಗನ್ನೇ ಹಿಂಬಾಲಿಸೋಣ.

ಅದರ ಪ್ಲಾಸ್ಮಾವನ್ನು ಆರೆಂಟು ಗಂಟೆಯೊಳಗೆ ಮೈನಸ್ 30 ಡಿಗ್ರಿಗಿಂತ ತಣ್ಣಗೆ ಗಟ್ಟಿ ಮಾಡುತ್ತಾರೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಅಲ್ಲಿ ಹಾಗೇ ನಿಂತುಬಿಡುತ್ತವೆ. ಮುಂದಿನ ವರ್ಷದ ಆಗಸ್ಟ್‌ವರೆಗೆ ಅದನ್ನು ಬಳಸಬಹುದು. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯ ಫ್ರಿಜ್‌ನಲ್ಲಿ ಇಡುತ್ತಾರೆ. ಜೊತೆಗೆ ಅವಕ್ಕೆ ಆಹಾರವಾಗಿ ಗ್ಲೂಕೋಸ್, ಅಡೆನಿನ್ ಇರುವ ದ್ರಾವಣ ಹಾಕಿದ್ದರೆ 42 ದಿನ, ಅಂದರೆ ಸೆಪ್ಟೆಂಬರ್ 26ರವರೆಗೆ. ಆ ಹೆಚ್ಚುವರಿ ದ್ರಾವಣ ಇಲ್ಲದ ಸಾಧಾರಣ ಬ್ಯಾಗ್ ಆಗಿದ್ದರೆ 35 ದಿನ, ಸೆಪ್ಟೆಂಬರ್ 19. ಈ ಅಂಕಿಗಳು ಸುಮ್ನೆ ಬಂದದ್ದಲ್ಲ. ಹಾಗೆ ಇಟ್ಟ ಕಣಗಳನ್ನು ಅವಧಿಯ ಕೊನೆಯ ದಿನ ಕೊಟ್ಟರೂ, 24 ಗಂಟೆಯ ನಂತರ ಮುಕ್ಕಾಲು ಭಾಗವಾದರೂ ರೋಗಿಯ ಮೈಯಲ್ಲಿ ಬದುಕಿ ಓಡಾಡುತ್ತಿರಬೇಕು ಅನ್ನುವುದು ಅಳತೆ.

ಈಗ ಪ್ಲೇಟ್‌ಲೆಟ್ ಬ್ಯಾಗ್. ಅದರ ಆಯಸ್ಸು 5 ದಿನ. ಆಗಸ್ಟ್ 20ರ ಮಧ್ಯರಾತ್ರಿಗೆ ಮುಗಿಯಿತು. ಅಷ್ಟೇ ಅಲ್ಲ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳ ಫಲಿತಾಂಶ ಬರುವವರೆಗೆ ಯಾವ ಬ್ಯಾಗನ್ನೂ ಕೊಡುವಂತಿಲ್ಲ. ಅದಕ್ಕೆ ಒಂದು ದಿನ ಹೋಯಿತು ಅನ್ನಿ. ಕೈಯಲ್ಲಿ ಉಳಿಯುವುದು ನಾಲ್ಕೇ ದಿನ.

ಹಾಗಾದರೆ ಅದನ್ನೂ ಫ್ರಿಜ್‌ನಲ್ಲಿಟ್ಟು ಹೆಚ್ಚು ದಿನ ಕಾಪಾಡಬಾರದಾ? ಇಲ್ಲೇ ತೊಡಕು ಇರುವುದು. ಪ್ಲೇಟ್‌ಲೆಟ್‌ಗಳು ಚಪ್ಪಟೆ ಬಿಲ್ಲೆಯಂತಿರುತ್ತವೆ. ತಣ್ಣಗಾದರೆ ಅವು ಗುಂಡಗಾಗಿ ಮುಳ್ಳು ಮುಳ್ಳಾಗುತ್ತವೆ. ಅವುಗಳ ಹೊರಮೈಯೂ ಬದಲಾಗುತ್ತದೆ. ಅಂಥವನ್ನು ರೋಗಿಗೆ ಏರಿಸಿದರೆ ಲಿವರ್ ಗುರುತು ಹಿಡಿದು ಬೇಗನೇ ರಕ್ತದಿಂದ ತೆಗೆದುಹಾಕುತ್ತದೆ. ಆದ್ದರಿಂದ 20ರಿಂದ 24 ಡಿಗ್ರಿಯಲ್ಲಿ ಇಡಬೇಕು. ಆ ಬಿಸುಪಿನಲ್ಲಿ ಅವು ಎಚ್ಚರವಾಗಿರುತ್ತವೆ, ಉಸಿರಾಡುತ್ತಿರುತ್ತವೆ. ಆಮ್ಲಜನಕ ಬೇಕು. ಅದಕ್ಕೇ ಆ ಬ್ಯಾಗಿನ ಪ್ಲಾಸ್ಟಿಕ್ ಗಾಳಿ ಒಳಹೊರಗೆ ಹೋಗುವಂಥದ್ದು, ಮತ್ತು ಅದನ್ನು ಹಗಲೂ ರಾತ್ರಿ ಮೆಲ್ಲಗೆ ಅಲುಗುವ ತಟ್ಟೆಯ ಮೇಲೆ ಇಟ್ಟಿರುತ್ತಾರೆ. ಅಲುಗಾಟ ನಿಂತರೆ ಒಳಗೆ ಹುಳಿ ಜಾಸ್ತಿಯಾಗಿ ಕಣಗಳು ಸಾಯುತ್ತವೆ. ಇನ್ನು ಆ ಬಿಸುಪು ಬ್ಯಾಕ್ಟೀರಿಯಾಕ್ಕೂ ಹಿತ. ಸೂಜಿ ಚುಚ್ಚಿದ ಜಾಗದ ಚರ್ಮದಿಂದ ಒಂದೆರಡು ಒಳಗೆ ಹೋಗಿದ್ದರೂ ದಿನಗಳು ಕಳೆದಂತೆ ಅಪಾಯದ ಮಟ್ಟಕ್ಕೆ ಬೆಳೆದುಬಿಡಬಹುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಅವಧಿಯನ್ನು 7 ದಿನಕ್ಕೆ ಏರಿಸಿದ್ದರು. ಸೋಂಕಿನ ಪ್ರಕರಣಗಳು ಕಂಡಮೇಲೆ 1986ರಲ್ಲಿ ಮತ್ತೆ 5ಕ್ಕೆ ಇಳಿಸಿದರು. ಕ್ಯಾಂಪಿನಲ್ಲಿ ತೋಳನ್ನು ಅಷ್ಟು ಹೊತ್ತು ಉಜ್ಜುವುದು, ಮೊದಲು ಬರುವ ಸ್ವಲ್ಪ ರಕ್ತವನ್ನು ಬೇರೆ ಚಿಕ್ಕ ಚೀಲಕ್ಕೆ ತಿರುಗಿಸುವುದು ಇದಕ್ಕಾಗಿಯೇ.

ಒಂದು ಘಟನೆ ಹೇಳುತ್ತೇನೆ. ಒಮ್ಮೆ ನನ್ನ ಪರಿಚಯದವರಿಗೆ ಬ್ಲಡ್ ಬ್ಯಾಂಕಿನಿಂದ ಕೆಂಪು ಕಣದ ಒಂದು ಬ್ಯಾಗು, ಪ್ಲೇಟ್‌ಲೆಟ್‌ನ ನಾಲ್ಕು ಬ್ಯಾಗು ಕೊಟ್ಟರು. ಅವರು ಎಲ್ಲವನ್ನೂ ಒಂದೇ ಐಸ್ ಬಾಕ್ಸಿಗೆ ತುಂಬಿಕೊಂಡು ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಬಂದರು. ವಾರ್ಡಿನ ಸಿಸ್ಟರ್ ಪ್ಲೇಟ್‌ಲೆಟ್ ಬ್ಯಾಗನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿದರು. ಒಳ್ಳೆಯ ಬ್ಯಾಗಿನಲ್ಲಿ ಆಗ ರೇಷ್ಮೆ ಬಟ್ಟೆ ಹೊರಳಿಸಿದ ಹಾಗೆ ಮಿನುಗು ಸುಳಿಯಾಡುತ್ತದೆ. ಚಪ್ಪಟೆ ಬಿಲ್ಲೆಗಳು ಬೆಳಕನ್ನು ಹೊರಳಿಸುವುದರಿಂದ ಬರುವ ಮಿನುಗು ಅದು. ಈ ಬ್ಯಾಗುಗಳಲ್ಲಿ ಏನೂ ಕಾಣಲಿಲ್ಲ. ನಾಲ್ಕು ಜನರ ದಾನ ಹಾಗೇ ಹೋಯಿತು. ನೀವು ಎಂದಾದರೂ ಪ್ಲೇಟ್‌ಲೆಟ್ ಒಯ್ಯಬೇಕಾಗಿ ಬಂದರೆ ಐಸ್ ಇಲ್ಲದೆ ಬೇರೆ ಡಬ್ಬಿಯಲ್ಲಿ ಒಯ್ಯಿರಿ, ತಲುಪಿದ ತಕ್ಷಣ ಏರಿಸಲು ಹೇಳಿ.

ಇದೇ ಕಾರಣಕ್ಕೆ ಕ್ಯಾಂಪಿನ ಪ್ರತಿ ಬ್ಯಾಗಿನಿಂದಲೂ ಪ್ಲೇಟ್‌ಲೆಟ್ ಸಿಗುವುದಿಲ್ಲ. ತೆಗೆದ ರಕ್ತವನ್ನು ತಂಪು ಮಾಡಿಬಿಟ್ಟರೆ ಇಲ್ಲ. ಆರೆಂಟು ಗಂಟೆ ಮೀರಿ ಬ್ಲಡ್ ಬ್ಯಾಂಕ್ ತಲುಪಿದರೆ ಇಲ್ಲ. ನರ ಸರಿಯಾಗಿ ಸಿಗದೆ ಹತ್ತು ಹನ್ನೆರಡು ನಿಮಿಷ ದಾಟಿ ನಿಧಾನಕ್ಕೆ ತುಂಬಿದ್ದರೂ ಬೇಡ ಅನ್ನುತ್ತಾರೆ, ಏಕೆಂದರೆ ಅಷ್ಟರಲ್ಲಿ ಹೆಪ್ಪುಗಟ್ಟುವ ಕೆಲಸ ಒಳಗೇ ಶುರುವಾಗಿರುತ್ತದೆ. ದೂರದ ತಾಲ್ಲೂಕಿನ ಕ್ಯಾಂಪ್ ಆದರೆ ಕೆಂಪು ಕಣವೇ ಮುಖ್ಯ ಫಲ ಅಂದುಕೊಳ್ಳಿ.

ಇನ್ನು ಎರಡನೇ ಆಯ್ಕೆ, ಅಫೆರೆಸಿಸ್. ಇದರಲ್ಲಿ ಸೆಂಟ್ರಿಫ್ಯೂಜ್ ನಿಮ್ಮ ಪಕ್ಕದಲ್ಲೇ ಇರುತ್ತದೆ. ಮಷೀನು ತೋಳಿನಿಂದ ಸ್ವಲ್ಪ ಸ್ವಲ್ಪವೇ ರಕ್ತ ಎಳೆದು, ಒಳಗೆ ತಿರುಗಿಸಿ, ಪ್ಲೇಟ್‌ಲೆಟ್‌ಗಳನ್ನು ಕೊಂಚ ಪ್ಲಾಸ್ಮಾದ ಜೊತೆ ಬ್ಯಾಗಿಗೆ ತೆಗೆದುಕೊಳ್ಳುತ್ತದೆ. ಕೆಂಪು ಕಣಗಳು ನಿಮಗೇ ವಾಪಸ್ ಬರುತ್ತವೆ. ಇದು ಸುತ್ತು ಸುತ್ತಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಕೊನೆಗೆ 200–300 ಮಿಲಿಲೀಟರಿನ ಒಂದು ಬ್ಯಾಗ್ ಸಿಗುತ್ತದೆ. ಒಬ್ಬರೇ ದಾನಿಯದ್ದಾದ್ದರಿಂದ ಸಿಂಗಲ್ ಡೋನರ್ ಪ್ಲೇಟ್‌ಲೆಟ್, ಅಂದರೆ ಎಸ್‌ಡಿಪಿ. ಇದರಲ್ಲಿ ಸುಮಾರು ಆರು ಆರ್‌ಡಿಪಿಗೆ ಸಮನಾದ ಪ್ಲೇಟ್‌ಲೆಟ್ ಇರುತ್ತದೆ.

ಗಮನಿಸಿ: ಎಸ್‌ಡಿಪಿಯ ಆಯಸ್ಸೂ ಅದೇ 5 ದಿನ. ಮಷೀನಿನಲ್ಲಿ ತೆಗೆದರೆ ಹೆಚ್ಚು ದಿನ ಬಾಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ.

ರೋಗಿಯ ಕಡೆಯಿಂದ ನೋಡಿದರೆ ವ್ಯತ್ಯಾಸ ಎಲ್ಲಿದೆ? ದೊಡ್ಡವರೊಬ್ಬರಿಗೆ ಒಂದು ಆರ್‌ಡಿಪಿ ಏರಿಸಿದರೆ ಪ್ಲೇಟ್‌ಲೆಟ್ ಕೌಂಟ್ ಐದರಿಂದ ಹತ್ತು ಸಾವಿರ ಏರುತ್ತದೆ. ಎಸ್‌ಡಿಪಿಯಿಂದ ಮೂವತ್ತರಿಂದ ಅರವತ್ತು ಸಾವಿರ. ಸುಮಾರು ಹತ್ತು ಕಿಲೋ ತೂಕಕ್ಕೆ ಒಂದು ಆರ್‌ಡಿಪಿ ಅನ್ನುವುದು ರೂಢಿಯ ಲೆಕ್ಕ. ಅರವತ್ತು ಕಿಲೋ ಇರುವವರಿಗೆ ಆರು ಆರ್‌ಡಿಪಿ, ಅಥವಾ ಒಂದು ಎಸ್‌ಡಿಪಿ. ಇಪ್ಪತ್ತು ಕಿಲೋ ಇರುವ ಮಗುವಿಗೆ ಎರಡು ಆರ್‌ಡಿಪಿ ಸಾಕಾಗುತ್ತದೆ.

ಡೆಂಗಿ ಬಂದು ಒಂದೇ ಸಲ ಪ್ಲೇಟ್‌ಲೆಟ್ ಬೇಕಾದವರಿಗೆ ಆರು ಜನರ ಆರ್‌ಡಿಪಿಯೂ ಕೆಲಸ ಮಾಡುತ್ತದೆ. ಬ್ಲಡ್ ಬ್ಯಾಂಕಿನಲ್ಲಿ ಅದು ಇದ್ದರೆ ಅದೇ ಬೇಗ ಸಿಗುವುದು. ಲ್ಯುಕೇಮಿಯಾಕ್ಕೆ ಕೀಮೋ ತೆಗೆದುಕೊಳ್ಳುತ್ತಿರುವವರ ಕಥೆ ಬೇರೆ. ಅವರಿಗೆ ವಾರಗಟ್ಟಲೆ, ಮತ್ತೆ ಮತ್ತೆ ಬೇಕು. ಪ್ರತಿ ಸಲ ಆರು ಜನರದ್ದು ಕೊಟ್ಟರೆ, ಹತ್ತು ಸಲಕ್ಕೆ ಅರವತ್ತು ಅಪರಿಚಿತರ ಕಣಗಳನ್ನು ಅವರ ಮೈ ಕಾಣುತ್ತದೆ. ಒಂದು ಹಂತದಲ್ಲಿ ದೇಹ ಅವುಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಆಮೇಲೆ ಬ್ಯಾಗಿನ ಮೇಲೆ ಬ್ಯಾಗ್ ಏರಿಸಿದರೂ ಕೌಂಟ್ ಮೇಲೇಳುವುದಿಲ್ಲ. ಏರಿಸಿ ಒಂದು ಗಂಟೆಯೊಳಗೆ ಪರೀಕ್ಷೆ ಮಾಡಿದರೆ ಇದು ಗೊತ್ತಾಗುತ್ತದೆ. ಎಸ್‌ಡಿಪಿಯಲ್ಲಿ ಹತ್ತು ಸಲಕ್ಕೆ ಹತ್ತೇ ದಾನಿಗಳು. ಎಸ್‌ಡಿಪಿಯ ನಿಜವಾದ ಬೆಲೆ ಇರುವುದು ಇಂಥ ರೋಗಿಗಳಲ್ಲಿ.

ಡೆಂಗಿ ಕಾಲದಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ರಕ್ತಸ್ರಾವ ಇಲ್ಲದಿದ್ದರೆ ಕೌಂಟ್ ಹತ್ತು ಸಾವಿರಕ್ಕಿಂತ ಕೆಳಗೆ ಇಳಿದಾಗ ಮಾತ್ರ ಮುನ್ನೆಚ್ಚರಿಕೆಗೆ ಕೊಡಬಹುದು ಎಂದು ನಮ್ಮ ದೇಶದ ಮಾರ್ಗಸೂಚಿ ಹೇಳುತ್ತದೆ. ಕೌಂಟ್ ನಲವತ್ತು ಸಾವಿರ ಆಯಿತು ಅಂತ ಮನೆಯವರು ಹೆದರಿ ಎಸ್‌ಡಿಪಿ ದಾನಿ ಹುಡುಕುವುದನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಅವರ ಭಯ ಅರ್ಥವಾಗುತ್ತದೆ. ಆದರೂ ದಾನಿ ಹುಡುಕುವ ಮೊದಲು ಡಾಕ್ಟರನ್ನು ಕೇಳಲಿ: ಈಗಲೇ ಬೇಕಾ, ಆರ್‌ಡಿಪಿ ಆಗುತ್ತದಾ, ಎಸ್‌ಡಿಪಿಯೇ ಆಗಬೇಕಾ?

ಯಾಕೆಂದರೆ ಖರ್ಚಿನಲ್ಲಿ ಅಂತರ ದೊಡ್ಡದು. ರಕ್ತಕ್ಕೆ ಬೆಲೆ ಇಲ್ಲ, ಅದನ್ನು ಮಾರುವಂತೆಯೂ ಇಲ್ಲ. ತೆಗೆದುಕೊಳ್ಳುವುದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ. ಆರ್‌ಡಿಪಿಗೆ ಒಂದಕ್ಕೆ ಮುನ್ನೂರು ನಾನೂರು ರೂಪಾಯಿ ಆಸುಪಾಸು, ಮೇಲೆ ಹೆಚ್ಚುವರಿ ಪರೀಕ್ಷೆ ಮಾಡಿದ್ದರೆ ಇನ್ನಷ್ಟು. ಆರಕ್ಕೆ ಎರಡೂವರೆ ಸಾವಿರ ಅನ್ನಿ. ಎಸ್‌ಡಿಪಿ ಒಂದಕ್ಕೆ ಹತ್ತು ಸಾವಿರ ದಾಟುತ್ತದೆ. ಒಬ್ಬ ದಾನಿಗೆ ಒಮ್ಮೆ ಬಳಸಿ ಎಸೆಯಬೇಕಾದ ಮಷೀನಿನ ಕಿಟ್‌ನ ಬೆಲೆಯೇ ಅದರಲ್ಲಿ ದೊಡ್ಡ ಪಾಲು. ದಾನಿ ಉಚಿತವಾಗಿ ಕೊಟ್ಟರೂ ರೋಗಿಯ ಮನೆಯವರು ಅದನ್ನು ಕಟ್ಟಬೇಕು. ನೀವು ಎಸ್‌ಡಿಪಿ ಕೊಡಲು ಸಿದ್ಧರಾಗಿ ಹೋಗುವಾಗ ಇದು ನೆನಪಿರಲಿ.

ಈಗ ನಿಮ್ಮ ದೇಹದ ಮಾತು. ರಕ್ತದಾನಕ್ಕೆ ಹದಿನೆಂಟರಿಂದ ಅರವತ್ತೈದು ವಯಸ್ಸು, 45 ಕಿಲೋ ತೂಕ, ಹಿಮೋಗ್ಲೋಬಿನ್ ಹನ್ನೆರಡೂವರೆ ಇದ್ದರೆ ಆಯಿತು. 450 ಮಿಲಿಲೀಟರ್ ಕೊಡಲು 55 ಕಿಲೋ ಮೇಲಿರಬೇಕು. ಸೂಜಿ ಇರುವುದು ಹತ್ತು ನಿಮಿಷದೊಳಗೆ. ಆದರೆ ಹೋದ ಕೆಂಪು ಕಣಗಳು ಮರಳಿ ತುಂಬಲು ವಾರಗಳೇ ಬೇಕು, ಜೊತೆಗೆ ಕಬ್ಬಿಣವೂ ಹೋಗುತ್ತದೆ. ಅದಕ್ಕೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಎಸ್‌ಡಿಪಿಗೆ ತೂಕ 50 ಕಿಲೋ ಆದರೂ ಇರಬೇಕು, ಅರವತ್ತು ವಯಸ್ಸು ದಾಟಿರಬಾರದು. ನಿಮ್ಮದೇ ಕೌಂಟ್ ಒಂದೂವರೆ ಲಕ್ಷ ಮೇಲಿರಬೇಕು, ಮೊಣಕೈ ನರ ದಪ್ಪಗಿರಬೇಕು. ಮೊದಲು ಸ್ಯಾಂಪಲ್ ತೆಗೆದು ಎಲ್ಲ ಪರೀಕ್ಷೆ ಮುಗಿಸಿ ಆಮೇಲೆ ಮಷೀನಿಗೆ ಹಾಕುವುದರಿಂದ ಒಟ್ಟು ಮೂರು ನಾಲ್ಕು ಗಂಟೆ ಹೋಗುತ್ತದೆ. ಅರ್ಧ ದಿನ ರಜೆ ಹಾಕಿಯೇ ಹೋಗಿ. ನಡುವೆ ತುಟಿ, ಬೆರಳ ತುದಿ ಜುಮ್ ಅನ್ನಬಹುದು. ಮಷೀನಿನ ಸಿಟ್ರೇಟ್ ನಿಮ್ಮ ಮೈಗೆ ಸ್ವಲ್ಪ ಬಂದು, ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ. ತಡೆದುಕೊಂಡು ಕೂರಬೇಡಿ, ಟೆಕ್ನಿಷಿಯನ್‌ಗೆ ಹೇಳಿ. ವೇಗ ಇಳಿಸಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಸರಿಹೋಗುತ್ತದೆ.

ಎರಡು ಕಾರಣಕ್ಕೆ ಬಂದ ದಾನಿ ವಾಪಸ್ ಹೋಗುವುದು ಅಥವಾ ಬ್ಯಾಗು ಹಾಳಾಗುವುದು ಬೇಸರದ ವಿಷಯ. ಒಂದು, ಆಸ್ಪಿರಿನ್. ಅದು ಪ್ಲೇಟ್‌ಲೆಟ್ ಅಂಟುವ ಗುಣವನ್ನೇ ಕೆಡಿಸುತ್ತದೆ. ತೆಗೆದುಕೊಂಡು ಮೂರು ದಿನ ಆಗಿರಬೇಕು. ಮೊದಲ ಸಲ ನನ್ನನ್ನು ವಾಪಸ್ ಕಳಿಸಿದ್ದು ಇದಕ್ಕೇ. ತಲೆನೋವಿಗೆ ನುಂಗಿದ ಮಾತ್ರೆಯಲ್ಲಿ ಅದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅತ್ತ ಕಡೆ ರೋಗಿಯ ತಂದೆ ಕಾಯುತ್ತಾ ನಿಂತಿದ್ದರು. ಇನ್ನೊಂದು, ಊಟ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು ನಿಜ, ಆದರೆ ಬಿರಿಯಾನಿ, ಪೂರಿ ತಿಂದು ಹೋದರೆ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅಂಥ ಬ್ಯಾಗನ್ನು ಬಳಸದೆ ಎಸೆಯಬೇಕಾಗಬಹುದು. ಇಡ್ಲಿ, ಹಣ್ಣು ತಿಂದು ನೀರು ಕುಡಿದು ಹೋಗಿ.

ಎಸ್‌ಡಿಪಿ ಕೊಟ್ಟವರ ಕೌಂಟ್ ಕೆಲವೇ ದಿನದಲ್ಲಿ ಮೊದಲಿನಂತಾಗುತ್ತದೆ. ಹೀಗಾಗಿ 48 ಗಂಟೆ ಅಂತರವಿಟ್ಟು ಮತ್ತೆ ಕೊಡಲು ನಿಯಮ ಬಿಡುತ್ತದೆ. ವಾರಕ್ಕೆ ಎರಡು, ವರ್ಷಕ್ಕೆ 24ರ ಮಿತಿ ಇದೆ. ಆದರೆ ಕ್ಯಾಂಪಿನಲ್ಲಿ ರಕ್ತ ಕೊಟ್ಟಿದ್ದರೆ? ಆಗ 28 ದಿನ ಎಸ್‌ಡಿಪಿ ಕೊಡುವಂತಿಲ್ಲ. ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು.

ಆಗಸ್ಟ್ 15ಕ್ಕೆ ಊರ ತುಂಬಾ ಕ್ಯಾಂಪ್. ಒಂದೇ ದಿನ ನೂರಾರು ಬ್ಯಾಗ್. ಅವುಗಳ ಕೆಂಪು ಕಣ ಸೆಪ್ಟೆಂಬರ್‌ವರೆಗೆ ಬರುತ್ತದೆ, ಪ್ಲೇಟ್‌ಲೆಟ್ ಮಾತ್ರ 20ಕ್ಕೆ ಮುಗಿಯುತ್ತದೆ. ಅದಾದ ಮೇಲೆ 24ನೇ ತಾರೀಖು ಯಾರಿಗಾದರೂ ಬೇಕಾದರೆ, ಕ್ಯಾಂಪಿನಲ್ಲಿ ಕೊಟ್ಟ ಅಷ್ಟೂ ಜನ ಸೆಪ್ಟೆಂಬರ್ 12ರವರೆಗೆ ಎಸ್‌ಡಿಪಿಗೆ ಬರುವಂತಿಲ್ಲ. ಅದೂ ಡೆಂಗಿಯ ತಿಂಗಳು. ಹಾಗಾಗಿ ಎಸ್‌ಡಿಪಿಗೆ ಅರ್ಹರಿರುವ ಕೆಲವರು ಕ್ಯಾಂಪಿನಲ್ಲಿ ಕೊಡದೆ ಉಳಿದುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೆಂಪು ಕಣವನ್ನು ಕೂಡಿಡಬಹುದು, ಅದಕ್ಕೆ ಮೊದಲೇ ಕೊಡಿ. ಪ್ಲೇಟ್‌ಲೆಟ್ ಕೂಡಿಡಲು ಬರುವುದಿಲ್ಲ, ಅದನ್ನು ಕರೆ ಬಂದಾಗ ಕೊಡಿ.

ಆದರೆ ಇದು ಎಲ್ಲರಿಗೂ ಅಲ್ಲ. ಮೊದಲ ಸಲ ಕೊಡುವವರು ರಕ್ತವನ್ನೇ ಕೊಡಲಿ. ಸೂಜಿಗೆ, ರಕ್ತ ಹೋಗುವುದಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಅಂತ ತಿಳಿಯುತ್ತದೆ. ಓ ನೆಗೆಟಿವ್ ಇದ್ದವರ ಕೆಂಪು ಕಣ ಗುಂಪು ಗೊತ್ತಿಲ್ಲದ ತುರ್ತಿನಲ್ಲೂ ಯಾರಿಗೂ ಆಗುತ್ತದೆ, ಅವರೂ ರಕ್ತ ಕೊಡಲಿ. ಎಬಿ ಗುಂಪಿನವರದ್ದು ಉಲ್ಟಾ. ಅವರ ಕೆಂಪು ಕಣ ಎಬಿಯವರಿಗೆ ಮಾತ್ರ, ಪ್ಲಾಸ್ಮಾ ಎಲ್ಲರಿಗೂ ಹೊಂದುತ್ತದೆ. ಅವರು ಎಸ್‌ಡಿಪಿ ಕಡೆ ಯೋಚಿಸಬಹುದು. ಹಿಮೋಗ್ಲೋಬಿನ್ ಹನ್ನೆರಡೂವರೆಯ ಅಂಚಿನಲ್ಲೇ ಇರುವವರು ವರ್ಷಕ್ಕೆ ಒಂದೆರಡು ಸಲ ರಕ್ತ ಕೊಟ್ಟರೆ ಸಾಕು. ಮಷೀನ್ ಇರುವ ಬ್ಲಡ್ ಬ್ಯಾಂಕ್ ಊರಿನಿಂದ ದೂರ ಇದ್ದರೆ ಕ್ಯಾಂಪೇ ಸರಿ.

ನಮ್ಮ ಹುಡುಗ ಬಿ ಪಾಸಿಟಿವ್, 62 ಕಿಲೋ, ಮೊದಲು ಮೂರು ಸಲ ರಕ್ತ ಕೊಟ್ಟವನು. ಅವನ ಹೆಂಡತಿ 48 ಕಿಲೋ, ಎಸ್‌ಡಿಪಿಗೆ ತೂಕ ಸಾಲದು. ಅವಳು 15ಕ್ಕೆ ಕ್ಯಾಂಪಿನಲ್ಲಿ 350 ಮಿಲಿಲೀಟರ್ ಕೊಟ್ಟಳು. ಅವನು ಅವಳ ಪಕ್ಕ ಕೂತಿದ್ದು, ಬ್ಲಡ್ ಬ್ಯಾಂಕಿನವರ ಎಸ್‌ಡಿಪಿ ಪಟ್ಟಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿ ಬಂದ. 26ರ ಸಂಜೆ ಫೋನ್ ಬಂತು. ಕೀಮೋ ನಡೆಯುತ್ತಿದ್ದ ಹೆಂಗಸೊಬ್ಬರಿಗೆ ಬೇಕಿತ್ತು. ಅವನ ಕೌಂಟ್ ಎರಡು ಲಕ್ಷದ ಮೇಲಿತ್ತು. ರಾತ್ರಿ ಹತ್ತೂವರೆಗೆ ಬ್ಯಾಗ್ ವಾರ್ಡಿಗೆ ಹೋಯಿತು.